ತಾಳಕ್ಕೆ ಬಿದ್ದ ಕತ್ತರಿ

ಶಿವಮೊಗ್ಗದ ಕುವೆಂಪು ರಂಗಮಂದಿರದ್ದಾಗಲಿ, ಭದ್ರಾವತಿಯ ವೇದಿಕೆಗಳದ್ದಾಗಲಿ, ಮೂರು ಕ್ಯಾಮೆರಾಗಳಲ್ಲಿ ಚಿತ್ರಿಸಿದ ಕಛೇರಿಯನ್ನು ಸಂಕಲಿಸುವಾಗ ಪೆಟ್ಟಿಗೊಂದು ದೃಶ್ಯ ಬದಲಿಸುವುದು ತಾಳಜ್ಞಾನವಲ್ಲ, ಬರಿಯ ಎಣಿಕೆ. ‘ಚುರುಕು ಬೇಕಲ್ಲ ಮೇಷ್ಟ್ರೇ’ ಎನ್ನುತ್ತೀರಿ. ಅಕ್ಷರಕ್ಕೊಂದು ಸೆಕೆಂಡಿನ ಆದಿತಾಳದಲ್ಲಿ ಆಗ ಪ್ರತಿ ದೃಶ್ಯಕ್ಕೆ ದಕ್ಕುವುದು ಕೇವಲ 25 ಫ್ರೇಮು. ಮೃದಂಗದ ಬೆರಳನ್ನು ಕಣ್ಣು ಹಿಡಿಯುವಷ್ಟರಲ್ಲಿ ಗಾಯಕರ ಮುಖ ಬಂದಿರುತ್ತದೆ.

ತನಿ ಆವರ್ತನದ ಕೊನೆಯನ್ನೇ ನೋಡಿರಿ. ಒಂದೇ ಜತಿ ಮೂರು ಬಾರಿ ಮರಳಿ, ಪಲ್ಲವಿಯ ಎಡುಪಿಗೆ ಬಂದು ಕೂಡುತ್ತದೆ. ಆ ಮೂರೂ ಬಾರಿ ಚಿತ್ರ ಮೃದಂಗದ ಕೈ ಬಿಟ್ಟು ಕದಲಬಾರದು. ಗಾಯಕರು ಎತ್ತಿಕೊಳ್ಳುವ ಒಂದೆರಡು ಫ್ರೇಮು ಮೊದಲು ಪೂರ್ಣ ವೇದಿಕೆಗೆ ಕತ್ತರಿಸಿರಿ. ತೆರೆಯುವ ಬಾಯಿ ಹೊಸ ದೃಶ್ಯದಲ್ಲೇ ಕಾಣಬೇಕಲ್ಲವೇ? ಇನ್ನು ಆಲಾಪನೆಗೆ ತಾಳವೇ ಇಲ್ಲ. ಅಲ್ಲಿ ಗಾಯಕರು ಉಸಿರೆಳೆಯುವ ತನಕ ಕಾಯಿರಿ.