ತೆರಿಗೆ ಮೇಲೆ ತೆರಿಗೆ, ಭಾಗ 3: ಬೈಯೋದು ಯಾರನ್ನ?

"ಜಿಎಸ್‌ಟಿ ಬಂದ್ಮೇಲೇ ಹಾಳಾಯ್ತು" ಅನ್ನೋರು 2017ರ ಜೂನ್‌ವರೆಗಿನ ಲೆಕ್ಕ ನೋಡಿ ಮಾರಾಯ್ರೆ. ಫ್ಯಾಕ್ಟರಿಯ 100 ರೂಪಾಯಿ ಮಾಲಿಗೆ 12.50 ಎಕ್ಸೈಸ್. ಆಮೇಲೆ ಕರ್ನಾಟಕದ 14.5% ವ್ಯಾಟ್ 100ಕ್ಕಲ್ಲ, 112.50ಕ್ಕೆ! ಅದರಲ್ಲಿ 1.81 ರೂಪಾಯಿ ಬರೀ ತೆರಿಗೆ ಮೇಲಿನ ತೆರಿಗೆ. ಅಂಗಡಿ ಬಿಲ್ಲಲ್ಲಿ ಕಾಣ್ತಿದ್ದದ್ದು ವ್ಯಾಟ್ ಮಾತ್ರ, ಎಕ್ಸೈಸ್ ಬೆಲೆಯೊಳಗೇ ಅಡಗಿತ್ತು.

ಫ್ರಾನ್ಸ್ 1954ರಲ್ಲೇ ದಾರಿ ತೋರಿಸಿತ್ತು: ಹಿಂದಿನ ಹಂತದಲ್ಲಿ ಕೊಟ್ಟ ತೆರಿಗೆ ಕಳೆದು ಉಳಿದದ್ದಷ್ಟೇ ಕಟ್ಟಿ. ಜಿಎಸ್‌ಟಿ ಕ್ರೆಡಿಟ್ ಅಂದ್ರೆ ಅದೇ.

ಆದರೆ ಡೀಸೆಲ್ ಇನ್ನೂ ಹೊರಗುಂಟು. ನಮ್ಮ ಪಡೀಲ್ ದಾಟಿ ಬೆಂಗಳೂರಿಗೆ ಹೋಗೋ ಲಾರಿಯ ಡೀಸೆಲ್‌ಗೆ ಕೇಂದ್ರದ ಎಕ್ಸೈಸ್, ಅದೂ ಸೇರಿದ ಬೆಲೆಗೆ ರಾಜ್ಯದ ಮಾರಾಟ ತೆರಿಗೆ. ಇದಕ್ಕೆ ಕ್ರೆಡಿಟ್ ಇಲ್ಲ. ಲಾರಿ ಬಾಡಿಗೆಗೆ ಸೇರಿ ನಿಮ್ಮ ಸೋಪಿನ ಬೆಲೆಗೇ ಬರ್ತದೆ. ಬೈಯೋದಾದ್ರೆ ಹೊರಗುಳಿದ ಡೀಸೆಲ್ಲಿಗೆ ಬೈಯಿರಿ.