ಷೇರು, ಪಾಲು, ಪಾಲುದಾರ: ಹೂಡಿಕೆಯ ಪ್ರಸ್ತಾವವನ್ನು ಕನ್ನಡಿಸುವಾಗ

ಹೊಸ ಉದ್ಯಮಗಳು ಬಂಡವಾಳ ಕೇಳುವಾಗ ಹೂಡಿಕೆದಾರರ ಮುಂದಿಡುವ ಕಿರು ಪ್ರಸ್ತಾವಕ್ಕೆ ‘ಪಿಚ್ ಡೆಕ್’ ಎಂಬ ಹೆಸರು ರೂಢಿಯಲ್ಲಿದೆ. ಅದನ್ನು ಕನ್ನಡಕ್ಕೆ ತರುವ ಕೆಲಸವನ್ನು ಪಾರಿಭಾಷಿಕ ಪದಗಳ ಕೊರತೆಯ ಸಮಸ್ಯೆಯೆಂದೇ ನಾವು ಸಾಮಾನ್ಯವಾಗಿ ಚರ್ಚಿಸುತ್ತೇವೆ. ನನ್ನ ದೃಷ್ಟಿಯಲ್ಲಿ ತೊಡಕಿರುವುದು ಬೇರೆಡೆ. ಪದಗಳು ಇವೆ, ಆದರೆ ಓದುಗನ ಮನಸ್ಸಿನಲ್ಲಿ ಅವು ಬೇರೊಂದು ಅರ್ಥದಲ್ಲಿ ಈಗಾಗಲೇ ನೆಲೆಯೂರಿವೆ.

ವಿಜಯಪುರವನ್ನೇ ನೋಡಬಹುದು. ವಚನ ಸಾಹಿತ್ಯದ ಸಂಪಾದಕರೆಂದು ನಾವು ಸ್ಮರಿಸುವ ಫ. ಗು. ಹಳಕಟ್ಟಿಯವರು 1912ರಲ್ಲಿ ಇಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ‘ಷೇರು’ ಎಂಬ ಮಾತು ಈ ಭಾಗದ ಜನರಿಗೆ ಬಹುಮಟ್ಟಿಗೆ ಪರಿಚಯವಾದದ್ದು ಇಂತಹ ಸಹಕಾರಿ ಸಂಸ್ಥೆಗಳ ಮೂಲಕವೇ. ಸಹಕಾರಿ ಸಂಘದ ಷೇರನ್ನು ಮುಖಬೆಲೆಗೆ ಕೊಳ್ಳುತ್ತಾರೆ. ಬಿಡುವಾಗ ಮುಖಬೆಲೆಯೇ ಮರಳುತ್ತದೆ. ಎಷ್ಟೇ ಷೇರುಗಳಿದ್ದರೂ ಸದಸ್ಯನಿಗೆ ಒಂದೇ ಮತ. ಕಂಪನಿಯ ಷೇರು ಇದಕ್ಕೆ ತೀರ ಭಿನ್ನವಾದುದು: ಬೆಲೆ ಏರಿಳಿಯುತ್ತದೆ, ಮತಬಲವು ಹಿಡುವಳಿಯನ್ನು ಅನುಸರಿಸುತ್ತದೆ. ಪದ ಒಂದೇ, ವಸ್ತು ಎರಡು.

ಒಂದು ಕಲ್ಪಿತ ಉದಾಹರಣೆಯನ್ನು ಬೆಳೆಸೋಣ. ಜಲನಗರದಲ್ಲಿ ಕಚೇರಿಯಿರುವ ಕಂಪನಿಯೊಂದು ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿಯನ್ನು ಕೊಂಡು, ಶೀತಲಗೃಹದಲ್ಲಿರಿಸಿ, ಮಾರುವ ಉದ್ಯಮ ಆರಂಭಿಸಿದೆ. ಅದರ ಬಳಿ 10 ರೂ. ಮುಖಬೆಲೆಯ ಒಂದು ಲಕ್ಷ ಷೇರುಗಳಿವೆ. ಮೂಲ ಪ್ರಸ್ತಾವದಲ್ಲಿ ‘ಪ್ರೀ-ಮನಿ’ ಮೌಲ್ಯ 8 ಕೋಟಿ, ಬೇಡಿಕೆ 2 ಕೋಟಿ ಎಂದಿದೆ. ಅನುವಾದಕರು ‘ಕಂಪನಿಯ ಮೌಲ್ಯಮಾಪನ 8 ಕೋಟಿ’ ಎಂದು ಬರೆದರೆನ್ನಿ. (‘ಮೌಲ್ಯಮಾಪನ’ ಎಂದೊಡನೆ ಉತ್ತರಪತ್ರಿಕೆಗಳ ಕಟ್ಟು ನೆನಪಾಗುವುದು ಅಧ್ಯಾಪಕರಾದ ನಮಗೆ ಮಾತ್ರವಲ್ಲ.) ಓದುಗನು ಎರಡನ್ನು ಎಂಟರಿಂದ ಭಾಗಿಸಿ, ತನಗೆ ಶೇ. 25ರಷ್ಟು ಒಡೆತನ ಬರುವುದೆಂದು ತಿಳಿಯುತ್ತಾನೆ. ವಾಸ್ತವವಾಗಿ 8 ಕೋಟಿಯನ್ನು ಒಂದು ಲಕ್ಷ ಷೇರುಗಳಿಗೆ ಹಂಚಿದರೆ ಷೇರೊಂದಕ್ಕೆ 800 ರೂ.; 2 ಕೋಟಿಗೆ ಹೊಸದಾಗಿ 25,000 ಷೇರು; ಒಟ್ಟು 1,25,000ರಲ್ಲಿ ಅದು ಶೇ. 20. ಹೂಡಿಕೆಯ ನಂತರದ ಮೌಲ್ಯ 10 ಕೋಟಿಯಾದ್ದರಿಂದ, ವ್ಯತ್ಯಾಸದ ಶೇ. 5 ಎಂದರೆ 50 ಲಕ್ಷ ರೂಪಾಯಿ. ‘ಹೂಡಿಕೆಗೆ ಮುಂಚಿನ ಮೌಲ್ಯ’, ‘ಹೂಡಿಕೆಯ ನಂತರದ ಮೌಲ್ಯ’ ಎಂದು ಎರಡನ್ನೂ ಬಿಡಿಸಿ ಬರೆದಿದ್ದರೆ ಈ ತಪ್ಪು ಹುಟ್ಟುತ್ತಿರಲಿಲ್ಲ. 10 ರೂ. ಷೇರಿಗೆ 800 ರೂ. ಏಕೆಂಬುದನ್ನೂ ಒಂದು ವಾಕ್ಯದಲ್ಲಿ ಹೇಳಲೇಬೇಕು. ಸಹಕಾರಿ ಸಂಘದ ಅನುಭವವುಳ್ಳವನಿಗೆ ಅದು ಮೋಸವೆಂದೇ ತೋರುತ್ತದೆ.

‘ಪಾಲು’ ಎಂಬುದು ಇನ್ನೂ ಸೂಕ್ಷ್ಮ. ಅಚ್ಚಗನ್ನಡದ ಮೋಹದಿಂದ ‘ಈಕ್ವಿಟಿ’ಗೆ ‘ಪಾಲು’ ಎನ್ನುವವರಿದ್ದಾರೆ. ಹೊಲವನ್ನು ಪಾಲಿಗೆ ಮಾಡುವ ರೈತನಿಗೆ ಪಾಲೆಂದರೆ ಫಸಲಿನ ಭಾಗ, ಹೊಲದ ಒಡೆತನವಲ್ಲ. ‘ಶೇ. 20 ಪಾಲು’ ಎಂದರೆ ವರ್ಷವರ್ಷವೂ ಆದಾಯದ ಐದನೆಯ ಒಂದು ಭಾಗ ಕೈಸೇರುವುದೆಂದು ಆತ ಭಾವಿಸಿದರೆ ತಪ್ಪು ಆತನದಲ್ಲ. ಲಾಭಾಂಶ ಘೋಷಿಸದೆ ಲಾಭವನ್ನೆಲ್ಲ ಉದ್ಯಮಕ್ಕೇ ತೊಡಗಿಸುವುದು ಇಂತಹ ಕಂಪನಿಗಳಲ್ಲಿ ಸಾಮಾನ್ಯ. ಇಲ್ಲಿ ‘ಒಡೆತನ’ವೇ ತಕ್ಕ ಪದ.

‘ಪಾಲುದಾರ’ ಎಂಬುದಕ್ಕಂತೂ ಕಾನೂನಿನ ಭಾರವಿದೆ. 1932ರ ಪಾಲುದಾರಿಕೆ ಅಧಿನಿಯಮದಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ವೈಯಕ್ತಿಕವಾಗಿ ಹೊಣೆ. ಷೇರುಗಳಿಂದ ಪರಿಮಿತವಾದ ಕಂಪನಿಯಲ್ಲಿ ಷೇರುದಾರನ ಹೊಣೆ ತನ್ನ ಷೇರುಗಳ ಮೊತ್ತಕ್ಕೆ ಸೀಮಿತ. ಪ್ರಸ್ತಾವದಲ್ಲಿ ಬರುವ ‘ಪ್ರಾದೇಶಿಕ ಪಾಲುದಾರರು’ ಬಹುತೇಕ ಇವೆರಡೂ ಅಲ್ಲ. ಅವರು ಸರಕು ಒದಗಿಸುವವರು ಅಥವಾ ವಿತರಕರು. ಅವರನ್ನು ಹಾಗೆಯೇ ಕರೆಯುವುದು ಲೇಸು.

ಪದಕೋಶಗಳಿಗೆ ಸಿಗದ ಮತ್ತೊಂದು ಅಪಾಯ ನಮ್ಮ ಕ್ರಿಯಾಪದದಲ್ಲೇ ಇದೆ. ‘ಕಂಪನಿಯು ವರ್ಷಕ್ಕೆ 500 ಟನ್ ಮಾರುತ್ತದೆ’ ಎಂಬ ವಾಕ್ಯ ಈಗ ನಡೆಯುತ್ತಿರುವ ರೂಢಿಯನ್ನೂ ಹೇಳಬಲ್ಲದು, ಮುಂದಾಗುವುದನ್ನೂ ಹೇಳಬಲ್ಲದು. ಇಂಗ್ಲಿಷಿನಲ್ಲಿ ಭವಿಷ್ಯದ ಅಂದಾಜಾಗಿದ್ದುದು ಕನ್ನಡದಲ್ಲಿ ಸಾಧಿಸಿದ ಸಂಗತಿಯಂತೆ ಕಾಣುತ್ತದೆ. ‘ಮಾರುವುದು’ ಎಂಬ ಭವಿಷ್ಯದ್ರೂಪ ವ್ಯಾಕರಣದಲ್ಲಿದ್ದರೂ ಇಂದಿನ ಓದುಗನಿಗೆ ಅದು ಕೃದಂತ ನಾಮವಾಗಿಯೇ ಮೊದಲು ಕೇಳಿಸುತ್ತದೆ. ಆದ್ದರಿಂದ ಪ್ರತಿ ಅಂದಾಜಿನ ವಾಕ್ಯದಲ್ಲೂ ಆರ್ಥಿಕ ವರ್ಷವನ್ನು ನಮೂದಿಸಿ ‘ಮಾರುವ ಅಂದಾಜಿದೆ’ ಎಂದು ಬರೆಯಬೇಕಾಗುತ್ತದೆ. ಶೀರ್ಷಿಕೆಯಲ್ಲಿ ಒಮ್ಮೆ ‘ಅಂದಾಜು’ ಎಂದರೆ ಸಾಲದು. ಪುಟಗಳು ಬಿಡಿಬಿಡಿಯಾಗಿ ಕೈಯಿಂದ ಕೈಗೆ ಸಾಗುತ್ತವೆ.

ಕನ್ನಡ ವಿಭಾಗಗಳು ಇಂತಹ ಬರಹವನ್ನು ಅನುವಾದ ತರಗತಿಗಳಿಗೆ ತರಬೇಕೆಂಬುದು ನನ್ನ ಅಭಿಪ್ರಾಯ. ಪರೀಕ್ಷೆಯ ವಿಧಾನವೂ ಸರಳವಾದುದು. ಮೂಲವನ್ನು ನೋಡದ ಒಬ್ಬರ ಕೈಗೆ ಕನ್ನಡ ಪಠ್ಯವನ್ನಷ್ಟೇ ಕೊಟ್ಟು, ಹೂಡಿಕೆದಾರನಿಗೆ ಎಷ್ಟು ಒಡೆತನ ಬರುತ್ತದೆ, ಇದುವರೆಗೆ ಎಷ್ಟು ಮಾರಾಟವಾಗಿದೆ, ನಷ್ಟವಾದರೆ ಯಾರ ಹೊಣೆ ಎಂದು ಕೇಳಬೇಕು. ಶೇ. 25 ಎಂಬ ಉತ್ತರ ಬಂದರೆ ಅನುವಾದವನ್ನು ಮತ್ತೆ ತಿದ್ದಬೇಕು.