ಉಪವಾಸದ ತಲೆನೋವು: ಸಿದ್ಧತೆ ವಾರದ ಮೊದಲೇ ಆಗಲಿ

ಮಹಾಶಿವರಾತ್ರಿಯ ಉಪವಾಸದಂದು ಮಧ್ಯಾಹ್ನ ಕಳೆಯುತ್ತಲೇ ತಲೆ ಹಿಡಿದು ಕೂರುವವರು ಅನೇಕರು. ಹಸಿವಿನಿಂದ ಹೀಗಾಯಿತೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ದಿನವೂ ಮೂರು ನಾಲ್ಕು ಬಾರಿ ಚಹಾ ಅಥವಾ ಕಾಫಿ ಸೇವಿಸುವವರಲ್ಲಿ ಈ ನೋವಿಗೆ ಹಲವು ವೇಳೆ ಅನ್ನಕ್ಕಿಂತ ಚಹಾ ತಪ್ಪಿದ್ದೇ ಕಾರಣವೆಂಬುದು ನನ್ನ ಅಭಿಪ್ರಾಯ.

ಪರಿಚಿತ ಶಿಕ್ಷಕಿಯೊಬ್ಬರ ಅನುಭವವನ್ನೇ ನೋಡೋಣ. ದಿನಕ್ಕೆ ನಾಲ್ಕು ಕಪ್ ಚಹಾ ಅವರ ರೂಢಿ. ಹಿಂದಿನ ಸಂಜೆ ಐದಕ್ಕೆ ಕೊನೆಯ ಚಹಾ ಕುಡಿದವರಿಗೆ ಮರುದಿನ ಮಧ್ಯಾಹ್ನ ಎರಡರ ಹೊತ್ತಿಗೆ ತಲೆ ಸಿಡಿಯತೊಡಗುತ್ತಿತ್ತು. ರಾತ್ರಿ ಹಾಲು ಹಣ್ಣು ಸೇವಿಸಿದರೂ ನೋವು ಇಳಿಯುತ್ತಿರಲಿಲ್ಲ. ಜಾಗರಣೆ ಮುಗಿಸಿ ಬೆಳಿಗ್ಗೆ ಚಹಾ ಕುಡಿದರೆ ಒಂದು ಗಂಟೆಯೊಳಗೆ ಮಾಯವಾಗುತ್ತಿತ್ತು. ರೋಗದ ಗುರುತು ಇಲ್ಲೇ ಇದೆ. ಚಹಾ ಕಾಫಿಯಲ್ಲಿರುವ ಕೆಫೀನ್ ಮೆದುಳಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದಕ್ಕೆ ಒಗ್ಗಿದ ದೇಹಕ್ಕೆ ಅದು ಥಟ್ಟನೆ ನಿಂತಾಗ ನಾಳಗಳು ಹಿಗ್ಗಿ, ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ ನೋವು ತೋರುತ್ತದೆ.

ಅವರು ಮರುವರ್ಷ ಎಂಟು ದಿನ ಮೊದಲೇ ಸಿದ್ಧರಾದರು. ಎರಡು ದಿನ ಮೂರು ಕಪ್, ಮತ್ತೆರಡು ದಿನ ಎರಡು, ಆಮೇಲೆ ಎರಡು ದಿನ ಒಂದು, ಕೊನೆಯ ಎರಡು ದಿನ ಬೆಳಿಗ್ಗೆ ಅರ್ಧ ಕಪ್ ಮಾತ್ರ. ಆ ಶಿವರಾತ್ರಿಯ ಸಂಜೆ ಹಣೆಯಲ್ಲಿ ತುಸು ಭಾರವೆನಿಸಿತು, ಅಷ್ಟೆ. ಆ ಭಾರವೇ ನಿಜವಾದ ಹಸಿವಿನ ತಲೆನೋವು. ಅದು ಬಡಿಯುವುದಿಲ್ಲ, ಸಿಡಿಯುವುದಿಲ್ಲ. ಉಂಡ ಮೇಲೆ ತಾನೇ ಇಳಿಯುತ್ತದೆ.

ಅದನ್ನೂ ಹಗುರಗೊಳಿಸಬಹುದು. ಹಿಂದಿನ ರಾತ್ರಿ ಸಿಹಿ ತಿಂದು ಮಲಗುವ ಬದಲು ಜೋಳದ ರೊಟ್ಟಿ, ಕಾಳುಪಲ್ಯ, ಮಜ್ಜಿಗೆಯ ಊಟವಿರಲಿ. ಅದು ನಿಧಾನವಾಗಿ ಜೀರ್ಣವಾಗುತ್ತದೆ. ಜಾಗರಣೆಯಿರುವುದರಿಂದ ಹಿಂದಿನ ರಾತ್ರಿ ನಿದ್ರೆಯನ್ನು ಕಡಿತಗೊಳಿಸಬಾರದು. ನೀರನ್ನೂ ಬಿಡುವುದು ನನಗೆ ಸರಿತೋರುವುದಿಲ್ಲ. ಆ ಹೊತ್ತಿಗೆ ನಮ್ಮಲ್ಲಿ ಬಿಸಿಲು ಏರಿರುತ್ತದೆ, ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದೇ ಅರ್ಥ. ಇನ್ನು ಬರಿ ಹೊಟ್ಟೆಯಲ್ಲಿ ನೋವಿನ ಗುಳಿಗೆ ನುಂಗುವ ಅಭ್ಯಾಸ ಜಠರಕ್ಕೆ ಕೇಡು.

ಅರೆತಲೆನೋವು ಇರುವವರಿಗೆ ಈ ಸಿದ್ಧತೆಯೂ ಸಾಲದಿರಬಹುದು, ಏಕೆಂದರೆ ಊಟ ತಪ್ಪುವುದೇ ಅವರ ನೋವನ್ನು ಕೆರಳಿಸುತ್ತದೆ. ಅಂಥವರು ಹಾಲು ಹಣ್ಣಿನ ಉಪವಾಸಕ್ಕೆ ನಿಲ್ಲುವುದು ಲೇಸು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು. ಅವರಿಗೆ ತಲೆನೋವಿನೊಡನೆ ಬೆವರು, ಕೈನಡುಕ, ಮಂಕು ಕವಿದರೆ ರಕ್ತದ ಸಕ್ಕರೆ ಕುಸಿದಿರಬಹುದು; ಪೂಜೆ ಮುಗಿಯಲೆಂದು ಕಾಯದೆ ಆ ಕ್ಷಣವೇ ಸಕ್ಕರೆನೀರು ಕೊಡಬೇಕು.